ಆರು ದಿನದ ಸಮಯ ಕೇಳುವ ಒಂದು ಪತ್ರ

ಗುಂಡ್ಲುಪೇಟೆಯ ಸುತ್ತಲಿನ ಹಳ್ಳಿಗಳಿಂದ ಟೊಮೆಟೊ ಕೊಂಡು ಕೇರಳದ ವ್ಯಾಪಾರಿಗಳಿಗೆ ಕಳಿಸುವ ಒಂದು ಸಂಸ್ಥೆಯಲ್ಲಿ ನೀವು ಕಿರಿಯ ವಿಶ್ಲೇಷಕರು ಎಂದು ಇಟ್ಟುಕೊಳ್ಳೋಣ. ಕಚೇರಿ ಚಾಮರಾಜನಗರದಲ್ಲಿದೆ. ಎಷ್ಟು ಕ್ರೇಟ್ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುವುದು ನಿಮ್ಮ ಕೆಲಸ. ಈಗ ನಿಮಗೆ ಮಷೀನ್ ಲರ್ನಿಂಗ್ ಕಲಿಯುವ ಆಸೆಯಾಗಿದೆ. ಕೋರ್ಸಿನ ಶುಲ್ಕ ಮತ್ತು ಸಂಬಳಸಹಿತ ಓದುವ ಸಮಯ, ಇವೆರಡನ್ನೂ ವ್ಯವಸ್ಥಾಪಕರಲ್ಲಿ ಕೇಳಬೇಕು. ಈ ಉದಾಹರಣೆಯ ಸಂಸ್ಥೆಯೂ ಅದರ ಲೆಕ್ಕದ ಅಂಕಿಗಳೂ ನನ್ನ ಕಲ್ಪನೆ. ರಸ್ತೆ, ಹಬ್ಬ, ಕೋರ್ಸು ನಿಜವಾದವು. ಇಂಥ ಪತ್ರವನ್ನು ಹೇಗೆ ಕಟ್ಟಬೇಕೆಂದು ನಿಧಾನವಾಗಿ ನೋಡೋಣ.

ಮೊದಲು ಕಲಿಯಬೇಕೆಂದಿರುವ ವಿದ್ಯೆಯ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಕಂಪ್ಯೂಟರಿಗೆ ನಿಯಮವನ್ನು ನಾವೇ ಬರೆದುಕೊಡುತ್ತೇವೆ: ಶುಕ್ರವಾರವಾದರೆ ಇಪ್ಪತ್ತು ಕ್ರೇಟ್ ಹೆಚ್ಚು ತರಿಸು, ಹೀಗೆ. ಮಷೀನ್ ಲರ್ನಿಂಗ್‌ನಲ್ಲಿ ನಿಯಮ ಬರೆಯುವುದಿಲ್ಲ. ಹಿಂದಿನ ನೂರಾರು ದಿನಗಳ ವಾರ, ಬೆಲೆ, ಮಳೆ, ಮತ್ತು ಆ ದಿನ ನಿಜಕ್ಕೂ ಎಷ್ಟು ಬೇಡಿಕೆ ಬಂತು ಎಂಬ ಉತ್ತರ, ಇವನ್ನು ಒಟ್ಟಿಗೆ ಕೊಡುತ್ತೇವೆ. ಅವುಗಳ ನಡುವಿನ ಸಂಬಂಧವನ್ನು ಲೆಕ್ಕ ಹಾಕಿ ಹುಡುಕುವುದು ಪ್ರೋಗ್ರಾಮಿನ ಕೆಲಸ. ಹೀಗೆ ಸಿದ್ಧವಾದ ಲೆಕ್ಕಕ್ಕೆ ಮಾಡೆಲ್ ಎನ್ನುತ್ತಾರೆ. ನಾಳೆಯ ವಿವರ ಕೊಟ್ಟರೆ ಅದು ನಾಳೆಯ ಬೇಡಿಕೆಯನ್ನು ಅಂದಾಜಿಸುತ್ತದೆ.

ಆದರೆ ಪತ್ರದ ಮೊದಲ ಸಾಲಿನಲ್ಲಿ ಈ ವಿದ್ಯೆಯ ಹೆಸರು ಬರಬೇಕಿಲ್ಲ. ಅಲ್ಲಿ ಬರಬೇಕಾದದ್ದು ಸಂಸ್ಥೆಯ ತೊಂದರೆ, ಅದೂ ಅಳತೆ ಮಾಡಿದ ತೊಂದರೆ. ಆ ಅಳತೆಯನ್ನು ಹೀಗೆ ಮಾಡಿ. ಈಗ ನಿಮ್ಮಲ್ಲಿ ಹಿಂದಿನ ವಾರದ ಅದೇ ದಿನದ ಲೆಕ್ಕ ನೋಡಿ ನಾಳೆಗೆ ಅಂದಾಜು ಮಾಡುತ್ತಾರೆ ಎಂದುಕೊಳ್ಳಿ. ಐದು ದಿನಗಳ ಅಂದಾಜು 200, 180, 220, 210, 190 ಕ್ರೇಟ್. ನಿಜವಾಗಿ ಬಂದ ಬೇಡಿಕೆ 230, 170, 180, 215, 240. ವ್ಯತ್ಯಾಸ ಹೆಚ್ಚೋ ಕಡಿಮೆಯೋ ಎಂದು ನೋಡದೆ ಬರೆದರೆ 30, 10, 40, 5, 50. ಕೂಡಿದರೆ 135, ಐದರಿಂದ ಭಾಗಿಸಿದರೆ 27. ಅಂದರೆ ದಿನಕ್ಕೆ ಸರಾಸರಿ 27 ಕ್ರೇಟ್ ತಪ್ಪು. ಇದನ್ನೇ ಎರಡು ತಿಂಗಳ ಲೆಕ್ಕಕ್ಕೆ ಮಾಡಿ. ಬರುವ ಸಂಖ್ಯೆ ನಿಮ್ಮ ಆಧಾರರೇಖೆ. ಮುಂದೆ ಯಾವ ಮಾಡೆಲ್ ಕಟ್ಟಿದರೂ ಅದು ಇದಕ್ಕಿಂತ ಕಡಿಮೆ ತಪ್ಪಬೇಕು. ಹಾಗಾಗದಿದ್ದರೆ ಆ ಮಾಡೆಲ್‌ನಿಂದ ಪ್ರಯೋಜನವಿಲ್ಲ. ಈ ಸಂಖ್ಯೆ ಕೈಯಲ್ಲಿಲ್ಲದೆ ಪತ್ರ ಬರೆಯಬೇಡಿ.

ಎರಡನೆಯದು, ನೀವು ಏನನ್ನು ಸಾಧಿಸುತ್ತೇನೆಂದು ಹೇಳುತ್ತೀರಿ ಎಂಬುದು. ಇಲ್ಲಿ ಹೊಸಬರು ಓಣಂ ಹಬ್ಬದ ಕಡೆ ಕೈ ಚಾಚುತ್ತಾರೆ, ಏಕೆಂದರೆ ವರ್ಷದ ದೊಡ್ಡ ಏರಿಳಿತ ಆಗಲೇ ಕಾಣುವುದು. ತಿರುಓಣಂ 2023ರಲ್ಲಿ ಆಗಸ್ಟ್ 29ಕ್ಕೆ, 2024ರಲ್ಲಿ ಸೆಪ್ಟೆಂಬರ್ 15ಕ್ಕೆ, 2025ರಲ್ಲಿ ಸೆಪ್ಟೆಂಬರ್ 5ಕ್ಕೆ ಬಂತು. ಕಳೆದ ವರ್ಷದ ಅದೇ ತಾರೀಖು ನೋಡಿ ಅಂದಾಜಿಸಿದವರು ಇಲ್ಲಿ ಕೆಡುತ್ತಾರೆ ನಿಜ. ಆದರೆ ಅದಕ್ಕೆ ಮಷೀನ್ ಲರ್ನಿಂಗ್ ಬೇಕಿಲ್ಲ. ಓಣಂಗೆ ಎಷ್ಟು ದಿನ ಮುಂಚೆ ಎಂದು ಎಣಿಸಿ ಎಕ್ಸೆಲ್‌ನ ಸಾಲುಗಳನ್ನು ಹೊಂದಿಸಿದರೆ ಸಾಕು. ಇನ್ನೂ ಮುಖ್ಯವಾದ ಮಾತೆಂದರೆ, ಮೂರು ವರ್ಷದ ದಾಖಲೆಯಲ್ಲಿ ಇರುವುದು ಮೂರೇ ಓಣಂ. ಮೂರು ಉದಾಹರಣೆಗಳಿಂದ ಯಾವ ಪ್ರೋಗ್ರಾಮೂ ನಂಬುವಂಥದ್ದನ್ನು ಕಲಿಯಲಾರದು. ಅದೇ ಮೂರು ವರ್ಷದಲ್ಲಿ ಸಾಮಾನ್ಯ ದಿನಗಳು ಸುಮಾರು ಒಂಬೈನೂರು ಇವೆ. ಆದ್ದರಿಂದ ಹಬ್ಬದ ವಾರವನ್ನು ಅನುಭವಸ್ಥರ ಅಂದಾಜಿಗೇ ಬಿಟ್ಟು, ಸಾಮಾನ್ಯ ದಿನಗಳ ಬೇಡಿಕೆಯನ್ನು ಮಾತ್ರ ನಿಮ್ಮ ಗುರಿ ಎಂದು ಬರೆಯಿರಿ. ಹಳೆಯ ವ್ಯಾಪಾರ ಬಲ್ಲ ವ್ಯವಸ್ಥಾಪಕರಿಗೆ ಈ ಮಿತಿಯನ್ನು ಓದಿದಾಗಲೇ ನಿಮ್ಮ ಮೇಲೆ ನಂಬಿಕೆ ಬರುವುದು.

ಮೂರನೆಯದು ದಾಖಲೆಯೊಳಗಿನ ಒಂದು ಹಳ್ಳ. ಇದಕ್ಕೆ ನಿಮ್ಮ ಊರಿನ ರಸ್ತೆಯೇ ಕಾರಣ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನೊಳಗೆ ಹಾದುಹೋಗುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸರಕಿನ ಗಾಡಿಗಳನ್ನು ಬಿಡುವುದಿಲ್ಲ. ಲೋಡು ತಡವಾಗಿ ಒಂಬತ್ತು ದಾಟಿದರೆ ಗಾಡಿ ಬೆಳಗಿನವರೆಗೆ ನಿಲ್ಲಬೇಕು. ಅಂಥ ದಿನ ಕೇರಳದ ವ್ಯಾಪಾರಿ 240 ಕ್ರೇಟ್ ಕೇಳಿದ್ದರೂ ಹೊತ್ತಿಗೆ ಸರಿಯಾಗಿ ಹೊರಟಿದ್ದು 150 ಇರಬಹುದು. ನಿಮ್ಮ ರಿಜಿಸ್ಟರಿನಲ್ಲಿ ಏನು ಬರೆದಿರುತ್ತದೆ? 150. ಏಕೆಂದರೆ ರಿಜಿಸ್ಟರ್ ಬರೆದಿಡುವುದು ಕಳಿಸಿದ್ದನ್ನು, ಕೇಳಿದ್ದನ್ನಲ್ಲ. ಈ ಅಂಕಿಯನ್ನು ಉಣಿಸಿದರೆ ಮಾಡೆಲ್ ಆ ದಿನ ಬೇಡಿಕೆಯೇ ಕಡಿಮೆ ಇತ್ತೆಂದು ಕಲಿಯುತ್ತದೆ, ಮುಂದಿನ ಬಾರಿ ಕಡಿಮೆ ತರಿಸಲು ಹೇಳುತ್ತದೆ, ಕಡಿಮೆ ಹೋಗುತ್ತದೆ, ಆ ಕಡಿಮೆಯೂ ದಾಖಲೆಗೆ ಸೇರುತ್ತದೆ. ತಪ್ಪು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ವ್ಯಾಪಾರಿಗಳು ವಾಟ್ಸಾಪಿನಲ್ಲಿ ಕಳಿಸಿದ ಇಂಡೆಂಟ್, ಅಂದರೆ ಇಷ್ಟು ಬೇಕೆಂಬ ಬೇಡಿಕೆಯ ಸಂದೇಶ, ಅದನ್ನು ಹತ್ತು ದಿನಗಳ ಮಟ್ಟಿಗೆ ರಿಜಿಸ್ಟರಿನ ಪಕ್ಕ ಇಟ್ಟು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಚಿಂತೆಯಿಲ್ಲ. ಪದೇ ಪದೇ ಬೇರೆಯಾಗಿದ್ದರೆ, ಕೋರ್ಸಿಗೆ ಮುಂಚೆಯೇ ರಿಜಿಸ್ಟರಿಗೆ ಇಂಡೆಂಟ್ ಎಂಬ ಒಂದು ಕಾಲಂ ಸೇರಿಸಲು ಅನುಮತಿ ಕೇಳಬೇಕು.

ಇನ್ನು ಕೋರ್ಸು ಮತ್ತು ಹಣ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಸ್ವಯಂ ಜಾಲತಾಣದಲ್ಲಿ ಸಿಗುತ್ತವೆ. ಐಐಟಿ ಮದ್ರಾಸಿನ ಪ್ರೊ. ಬಿ. ರವೀಂದ್ರನ್ ಅವರ ಮಷೀನ್ ಲರ್ನಿಂಗ್ ಪರಿಚಯ ಕೋರ್ಸು 12 ವಾರದ್ದು. ಸೇರಲು, ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಿದ್ದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅದರ ಶುಲ್ಕ ಇತ್ತೀಚಿನ ವರ್ಷಗಳಲ್ಲಿ 1000 ರೂಪಾಯಿ. ವಾರದ ಅಭ್ಯಾಸಗಳಿಗೆ 25 ಅಂಕ, ಪರೀಕ್ಷೆಗೆ 75. ಅಭ್ಯಾಸದಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬಂದರೆ ತೇರ್ಗಡೆ. ಹನ್ನೆರಡು ಅಭ್ಯಾಸಗಳಲ್ಲಿ ಅತ್ಯುತ್ತಮ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ ಕೆಲಸ ಹೆಚ್ಚಿದ ಒಂದೆರಡು ವಾರ ತಪ್ಪಿದರೂ ಮುಳುಗುವುದಿಲ್ಲ. ಸಂಭವನೀಯತೆ ಮತ್ತು ಮ್ಯಾಟ್ರಿಕ್ಸ್ ಗಣಿತ ಮರೆತಿದ್ದರೆ ಶುರುವಾಗುವ ಮುನ್ನ ಒಮ್ಮೆ ತಿರುವಿಹಾಕಿಕೊಳ್ಳಿ. ಹಲವರು ಎಡವುವುದು ಅಲ್ಲಿ.

ನೋಡಿ, ಶುಲ್ಕ ಸಣ್ಣದು. ನೀವು ನಿಜವಾಗಿ ಕೇಳುತ್ತಿರುವುದು ಸಮಯ, ಅದನ್ನು ಮುಚ್ಚಿಡದೆ ರೂಪಾಯಿಯಲ್ಲಿ ಬರೆಯಿರಿ. ವಾರಕ್ಕೆ 4 ಗಂಟೆಯಂತೆ 12 ವಾರಕ್ಕೆ 48 ಗಂಟೆ, ಅಂದರೆ ಎಂಟು ಗಂಟೆಯ ಆರು ದಿನ. ತಿಂಗಳಿಗೆ 26 ಕೆಲಸದ ದಿನ, ಸಂಬಳ 26,000 ಎಂದಾದರೆ ದಿನಕ್ಕೆ ಒಂದು ಸಾವಿರ. ಸಮಯದ ಬೆಲೆ 6000, ಶುಲ್ಕ 1000, ಒಟ್ಟು 7000 ರೂಪಾಯಿ. ವ್ಯವಸ್ಥಾಪಕರು ಮನಸ್ಸಿನಲ್ಲಿ ಹೇಗೂ ಈ ಲೆಕ್ಕ ಹಾಕುತ್ತಾರೆ, ಅವರ ಲೆಕ್ಕ ಇದಕ್ಕಿಂತ ದೊಡ್ಡದಿರುವುದೇ ಹೆಚ್ಚು. ಈ ಕೋರ್ಸುಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಜುಲೈ ತಂಡ ಓಣಂ ಕಾಲದ ಮೇಲೆಯೇ ಬೀಳುತ್ತದೆ. ಆದ್ದರಿಂದ ಜನವರಿಯ ತಂಡವನ್ನೇ ಕೇಳಿ.

ಈಗ ಪತ್ರ ಹೀಗಾಗುತ್ತದೆ:

ವಿಷಯ: ಜನವರಿಯಿಂದ 12 ವಾರ, ವಾರಕ್ಕೆ 4 ಗಂಟೆ ಕಲಿಕೆಯ ಸಮಯ ಮತ್ತು 1000 ರೂ. ಪರೀಕ್ಷಾ ಶುಲ್ಕಕ್ಕೆ ಅನುಮತಿ ಕೋರಿ

ಸರ್, ನಮಸ್ಕಾರ.

ನಾಳೆಯ ಟೊಮೆಟೊ ಬೇಡಿಕೆಯನ್ನು ನಾವು ಹಿಂದಿನ ವಾರದ ಲೆಕ್ಕ ನೋಡಿ ಅಂದಾಜಿಸುತ್ತಿದ್ದೇವೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಲೆಕ್ಕ ತೆಗೆದು ನೋಡಿದೆ. ದಿನಕ್ಕೆ ಸರಾಸರಿ 27 ಕ್ರೇಟ್ ತಪ್ಪುತ್ತಿದೆ. ಎಕ್ಸೆಲ್ ಹಾಳೆ ಜೊತೆಗಿದೆ.

ಇದನ್ನು ಕಡಿಮೆ ಮಾಡಲು ಸ್ವಯಂನಲ್ಲಿರುವ ಐಐಟಿ ಮದ್ರಾಸಿನ 12 ವಾರದ ಮಷೀನ್ ಲರ್ನಿಂಗ್ ಕೋರ್ಸ್ ಮಾಡಬೇಕೆಂದಿದ್ದೇನೆ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಎರಡೆರಡು ಗಂಟೆ ಬೇಕು. ಸಮಯ, ಶುಲ್ಕ ಸೇರಿ ಸಂಸ್ಥೆಗೆ ಸುಮಾರು 7000 ರೂ. ಖರ್ಚು. ಶುಲ್ಕವನ್ನು ನಾನೇ ಕಟ್ಟುತ್ತೇನೆ, ತೇರ್ಗಡೆಯಾದರೆ ಮರಳಿ ಕೊಡಿ.

ಏಪ್ರಿಲ್ ಕೊನೆಗೆ ಸಾಮಾನ್ಯ ದಿನಗಳ ಅಂದಾಜನ್ನು ಮಾಡಿ ತೋರಿಸುತ್ತೇನೆ. ಹಬ್ಬದ ವಾರಗಳು ಇದರಲ್ಲಿ ಇಲ್ಲ, ಅವಕ್ಕೆ ನಮ್ಮ ದಾಖಲೆ ಸಾಲದು. ಆರನೆಯ ವಾರಕ್ಕೆ ನಿಮಗೆ ಲೆಕ್ಕ ಒಪ್ಪಿಸುತ್ತೇನೆ. ಆಗ ಪ್ರಯೋಜನವಿಲ್ಲವೆನಿಸಿದರೆ ಕೆಲಸದ ಸಮಯದ ಕಲಿಕೆಯನ್ನು ನಿಲ್ಲಿಸುತ್ತೇನೆ.

ಒಂದು ಕೋರಿಕೆ: ರಿಜಿಸ್ಟರಿನಲ್ಲಿ ಕಳಿಸಿದ್ದರ ಪಕ್ಕ ಕೇಳಿದ್ದನ್ನೂ ಬರೆಯಲು ಹೇಳಬೇಕು.

ಶುಕ್ರವಾರ ಹತ್ತು ನಿಮಿಷ ಸಮಯ ಕೊಟ್ಟರೆ ಬಂದು ವಿವರಿಸುತ್ತೇನೆ.

ಪತ್ರ ಇಷ್ಟೇ. ಏಪ್ರಿಲ್‌ನಲ್ಲಿ ಫಲಿತಾಂಶ ತೋರಿಸುವಾಗ ಒಂದು ಎಚ್ಚರಿಕೆ ಬೇಕು. ಮಾಡೆಲ್ ಯಾವ ದಿನಗಳಿಂದ ಕಲಿಯಿತೋ ಅದೇ ದಿನಗಳ ಮೇಲೆ ಅದನ್ನು ಪರೀಕ್ಷಿಸಬಾರದು. ಉತ್ತರ ಮೊದಲೇ ಕಂಡಿರುವುದರಿಂದ ಅದು ಚೆನ್ನಾಗಿಯೇ ಹೇಳುತ್ತದೆ. ಕೊನೆಯ ಎರಡು ತಿಂಗಳನ್ನು ಬಚ್ಚಿಟ್ಟು, ಹಿಂದಿನದರಿಂದ ಕಲಿಸಿ, ಬಚ್ಚಿಟ್ಟದ್ದರ ಮೇಲೆ ತಪ್ಪನ್ನು ಅಳೆಯಿರಿ. ಅದೇ ಎರಡು ತಿಂಗಳಿಗೆ ಹಳೆಯ ಪದ್ಧತಿಯ ತಪ್ಪನ್ನೂ ಅಳೆದು ಎರಡನ್ನೂ ಒಟ್ಟಿಗೆ ತೋರಿಸಿ. ಬೇಡಿಕೆ ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಅಕ್ಟೋಬರ್, ನವೆಂಬರಿನ 27 ಕ್ರೇಟ್‌ನ ಪಕ್ಕ ಮಾರ್ಚಿನ ಸಂಖ್ಯೆ ಇಟ್ಟರೆ ಹೋಲಿಕೆ ಸರಿಯಾಗದು.

ಉತ್ತರವಾಗಿ, ಇಷ್ಟು ವರ್ಷ ಇಲ್ಲೇ ಇರುತ್ತೇನೆಂದು ಬರೆದುಕೊಡಿ ಎಂಬ ಮಾತು ಬರಬಹುದು. ಇದನ್ನು ಬಾಂಡ್ ಎನ್ನುತ್ತಾರೆ. ಹಗುರವಾಗಿ ಸಹಿ ಹಾಕಬೇಡಿ. ಕರ್ನಾಟಕದಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿಯ ವೆಚ್ಚವನ್ನು ನೋಡಿ ಕೊಟ್ಟ ತೀರ್ಪು, ಎಲ್ಲ ಸಂಸ್ಥೆಗೂ ಹಾಗೆಯೇ ಹೊಂದುವುದಿಲ್ಲ. ಆದರೂ ಬಾಂಡ್ ಬರೀ ಕಾಗದವೆಂದು ತಿಳಿಯಲಾಗದು. ಏಳು ಸಾವಿರದ ಖರ್ಚಿಗೆ ತಕ್ಕ ಮಾತೆಂದರೆ, ಆರು ತಿಂಗಳೊಳಗೆ ಬಿಟ್ಟರೆ ಶುಲ್ಕ ಹಿಂತಿರುಗಿಸುತ್ತೇನೆ ಎಂಬುದು.

ಸಮಯ ಕೊಡಲಾಗದು ಎಂದರೆ ಆ ಕೊನೆಯ ಕೋರಿಕೆಯನ್ನು ಮಾತ್ರ ಬಿಡಬೇಡಿ. ರಿಜಿಸ್ಟರಿನ ಇಂಡೆಂಟ್ ಕಾಲಂಗೆ ಒಂದು ರೂಪಾಯಿಯೂ ಖರ್ಚಿಲ್ಲ. ವರ್ಷವಿಡೀ ಅದು ತುಂಬುತ್ತಾ ಹೋದರೆ, ಮುಂದಿನ ಜನವರಿಗೆ ಪತ್ರ ಬರೆಯುವಾಗ ನಿಮ್ಮ ಕೈಯಲ್ಲಿ ಕಳಿಸಿದ್ದರ ಲೆಕ್ಕದ ಜೊತೆ ಕೇಳಿದ್ದರ ಲೆಕ್ಕವೂ ಇರುತ್ತದೆ.