ಹಣದ ಜೊತೆ ಬಿಲ್ ನಂಬರೂ ಬರಲಿ

ಶಾಂತಿಗ್ರಾಮದ ನಮ್ಮ ಪೈಪ್ ಅಂಗಡಿಗೆ ಹೊಳೆನರಸೀಪುರ, ಅರಕಲಗೂಡು ಕಡೆಯ ರೈತರೂ ಬರುತ್ತಾರೆ. ಹೆಚ್ಚಿನದು ಉದ್ರಿ ವ್ಯಾಪಾರ. ಬಿಲ್ ಅಪ್ಪನ ಹೆಸರಲ್ಲಿದ್ದರೆ, ದುಡ್ಡು ಹಾಕುವವನು ಬೆಂಗಳೂರಿನಲ್ಲಿರುವ ಮಗ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಮಗನ ಹೆಸರು. "ಅಣ್ಣ, ಆಗಲೇ ಹಾಕಿದೀವಲ್ಲ" ಎಂದು ಫೋನ್ ಬಂದಾಗ ಯಾವ ಜಮಾ ಯಾರದೆಂದು ಹುಡುಕಬೇಕಿತ್ತು.

ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿನಲ್ಲಿ ನಮ್ಮ ಯುಪಿಐ ವಿಳಾಸ ಇರುತ್ತದೆ, ಬಿಲ್ಲಿನ ಸುದ್ದಿ ಇರುವುದಿಲ್ಲ. ಹಾಗಾಗಿ ಪ್ರತಿ ಬಿಲ್ಲಿಗೂ ಅದರದೇ ಕೋಡ್ ಮುದ್ರಿಸತೊಡಗಿದೆವು. ಅದರೊಳಗೆ ಇರುವುದು ಇಂಥ ಒಂದು ಸಾಲು:

```
upi://pay?pa=angadi@bank&pn=Pipe%20Angadi&am=18450.00&cu=INR&tr=SG412&tn=SG412
```

`pa` ನಮ್ಮ ಯುಪಿಐ ವಿಳಾಸ, `am` ಮೊತ್ತ. `tr` ವ್ಯಾಪಾರಿಯ ಉಲ್ಲೇಖ ಸಂಖ್ಯೆ, `tn` ಪಾವತಿಯ ಟಿಪ್ಪಣಿ. ಎರಡರಲ್ಲೂ ಬಿಲ್ ನಂಬರನ್ನೇ ಹಾಕುತ್ತೇವೆ. ಯಾಕೆಂದರೆ ಇವುಗಳಲ್ಲಿ ಯಾವುದು ಎಲ್ಲಿ ಕಾಣುತ್ತದೆ ಎಂಬುದು ಖಾತೆಯ ಬಗೆಯನ್ನೂ ಬ್ಯಾಂಕನ್ನೂ ಅವಲಂಬಿಸಿದೆ. ಮುದ್ರಿಸುವ ಮೊದಲು ಬೇರೆ ಬೇರೆ ಆ್ಯಪ್‌ಗಳಿಂದ ಒಂದೊಂದು ರೂಪಾಯಿ ಹಾಕಿ, ಸ್ಟೇಟ್‌ಮೆಂಟ್ ತೆಗೆದು ನೋಡಿ. ವ್ಯಾಪಾರಿ ಖಾತೆಯಲ್ಲಿ ದಿನದ ಹಣ ಒಟ್ಟಿಗೆ ಜಮಾ ಆಗುವುದುಂಟು. ಆಗ ಬಿಲ್ ನಂಬರ್ ಹುಡುಕಬೇಕಾದ್ದು ಪಾಸ್‌ಬುಕ್ಕಿನಲ್ಲಲ್ಲ, ಬ್ಯಾಂಕ್ ಕೊಡುವ ವಹಿವಾಟು ವರದಿಯಲ್ಲಿ.

ಟಿಪ್ಪಣಿ ಉದ್ದವಾದರೆ ಸ್ಟೇಟ್‌ಮೆಂಟಿನಲ್ಲಿ ಬಾಲ ಕತ್ತರಿಸಿಹೋಗುವುದುಂಟು. "Payment for bill SG412" ಎಂದು ಬರೆದರೆ ಉಳಿಯುವುದು ಬೇಡದ ಮುಂಭಾಗ ಮಾತ್ರ. ಬರೀ `SG412` ಸಾಕು. ಅಂಗಡಿಯ ಹೆಸರಿನಲ್ಲಿ `&` ಇದ್ದರೆ ಆ್ಯಪ್ ಅದನ್ನು ಮುಂದಿನ ವಿವರದ ಆರಂಭವೆಂದು ತಿಳಿದು ಹೆಸರನ್ನು ಅಲ್ಲಿಗೇ ಮುರಿಯುತ್ತದೆ. ಅದಕ್ಕೆ `%26` ಎಂದೂ, ಖಾಲಿ ಜಾಗಕ್ಕೆ `%20` ಎಂದೂ ಬರೆಯಬೇಕು.

ಉದ್ರಿಯವರಿಗೆ ಮೊತ್ತ ತುಂಬಿದ ಕೋಡ್ ಒಗ್ಗದು. 18,450 ರೂಪಾಯಿಯ ಬಿಲ್ಲಿಗೆ ರೈತ ಈಗ 10,000 ಕೊಟ್ಟು, ಉಳಿದ 8,450 ಅನ್ನು ಬೆಳೆ ಮಾರಿದ ಮೇಲೆ ಕೊಡುತ್ತಾನೆ. ಮೊತ್ತ ತುಂಬಿದ್ದರೆ ಸಾಮಾನ್ಯವಾಗಿ ಬದಲಿಸಲು ಬಿಡುವುದಿಲ್ಲ. ಆದ್ದರಿಂದ ಉದ್ರಿ ಬಿಲ್ಲಿನಲ್ಲಿ `am` ಬಿಟ್ಟು, ನಂಬರ್ ಮಾತ್ರ ಇಡುತ್ತೇವೆ. ಎರಡು ಕಂತುಗಳೂ `SG412` ಹೊತ್ತು ಬರುತ್ತವೆ, ಖಾತೆಯಲ್ಲಿ ಆ ನಂಬರಿನಡಿ ಕೂಡಿಸಿ ಬಿಲ್ಲಿನ ಮೊತ್ತದಿಂದ ಕಳೆದರೆ ಬಾಕಿ ತಿಳಿಯುತ್ತದೆ.

ಇದಕ್ಕೂ ಮಿತಿಯಿದೆ. ನಾವೇ ಮಾಡಿದ ಇಂಥ ಕೋಡಿಗೆ ಬಿಲ್ ತೀರಿದ್ದು ಗೊತ್ತಾಗುವುದಿಲ್ಲ. ಅಪ್ಪ, ಮಗ ಇಬ್ಬರೂ ಸ್ಕ್ಯಾನ್ ಮಾಡಿದರೆ ಎರಡು ಸಲ ಹಣ ಬರುತ್ತದೆ. ಫೋನ್ ನಂಬರಿಗೆ ಕಳಿಸಿದ ಹಣದಲ್ಲಿ ಬಿಲ್ ನಂಬರ್ ತಾನಾಗಿ ಬರುವುದಿಲ್ಲ. ಆಗ ಅವರ ಆ್ಯಪಿನಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ ಕೇಳಿ, ಅದನ್ನು ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ಹಣ ಬಂದಿದೆ ಎನ್ನಲು ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಸಾಲದು, ನಿಮ್ಮ ಖಾತೆಯಲ್ಲಿ ಜಮಾ ಕಾಣಬೇಕು.