ಕಣ್ಣೀರಿನ ಮೇಲೆ ಬೆರಳಿಟ್ಟು ಓದಿ

ಮುಂಬಯಿಯಲ್ಲಿ ಕನ್ನಡ ಕವಿತೆ ಓದುವ, ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಈ ಮಾತು.

ರೈತನ ಸಂಕಟದ ಮೇಲೆ ಬರೆದ ಕವಿತೆ ಕೈಗೆ ಬಂದಾಗ ಮೊದಲು ಹೀಗೆ ಮಾಡಿ. ಅದರಲ್ಲಿ ಬರುವ ಕಣ್ಣೀರು, ನೆತ್ತರು, ಬಿರುಕು, ನೇಣು, ಅನ್ನದಾತ, ಈ ಐದು ಪದಗಳ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದಿ. ಒಂದು ಹೊಲ, ಒಂದು ಮನೆ, ಒಂದು ವರ್ಷ ಕಣ್ಣಿಗೆ ಕಂಡರೆ ಕವಿಗೆ ವಿಷಯ ಗೊತ್ತಿದೆ. ಏನೂ ಉಳಿಯದಿದ್ದರೆ ಕವಿ ತನ್ನ ಮರುಕವನ್ನಷ್ಟೇ ಬರೆದಿದ್ದಾನೆ. ಸಂಯಮವೆಂದರೆ ದನಿ ತಗ್ಗಿಸುವುದು ಎಂದು ಹಲವರು ತಿಳಿದಿದ್ದಾರೆ. ನನಗೆ ಅದು ತಿಳಿವಳಿಕೆಯ ಮಾತು. ಏನಾಯಿತೆಂದು ಸರಿಯಾಗಿ ಬಲ್ಲವನು ಕೂಗಬೇಕಾಗಿಲ್ಲ.

ಬರದಿಂದಲೇ ಶುರುಮಾಡೋಣ. ನಗರದಲ್ಲಿ ಕೂತವರ ಕವಿತೆಯಲ್ಲಿ ಬರವೆಂದರೆ ಬಾಯ್ಬಿಟ್ಟ ನೆಲ, ಸುಡುವ ಸೂರ್ಯ, ಹದ್ದು. ಒಣಬೇಸಾಯದವನಿಗೆ ಬರ ಅಷ್ಟು ಹೊತ್ತಿಗೆ ಹಳೆಯ ಸುದ್ದಿ. ಅವನಿಗೆ ಅದು ಹಸಿರು ಕಾಣುವಾಗಲೇ ಶುರುವಾಗಿರುತ್ತದೆ. ಮಿರಗದ ಮಳೆ ಒಂದೆರಡು ದಿನ ಹದವಾಗಿ ಬಿದ್ದು, ನಂಬಿ ಬಿತ್ತಿ, ಮೊಳಕೆ ಎರಡೆಲೆ ಬಿಟ್ಟ ಮೇಲೆ ಮಳೆ ಮೂರು ವಾರ ಮುಖ ತೋರಿಸುವುದಿಲ್ಲ. ಎಳೆ ಪೈರು ಬಾಡುತ್ತದೆ. ಆಮೇಲೆ ಮಳೆ ಬಂದರೆ ಮತ್ತೆ ಬೀಜ ತಂದು ಬಿತ್ತಬೇಕು. ಮರಾಠವಾಡ, ವಿದರ್ಭದವರು ಇದನ್ನು ‘ದುಬಾರ್ ಪೇರಣಿ’ ಎನ್ನುತ್ತಾರೆ. ನಮ್ಮ ಕಲಬುರಗಿ, ವಿಜಯಪುರದ ಕಡೆಯವರಿಗೂ ಮರುಬಿತ್ತನೆ ಹೊಸದಲ್ಲ. ಬರ ಮತ್ತು ಸಾಲ ಸೇರುವುದು ಈ ಎರಡನೆಯ ಬೀಜದ ಚೀಲದಲ್ಲಿ. ಅದನ್ನು ಕಂಡ ಕವಿಗೆ ಬಿರಿದ ನೆಲದ ಚಿತ್ರ ಬೇಕಾಗುವುದಿಲ್ಲ.

ಸಾಲಕ್ಕೂ ಒಂದು ದಾರಿ ಇದೆ, ಕವಿತೆ ಆ ದಾರಿ ತಪ್ಪಬಾರದು. ಮೊದಲು ಸೊಸೈಟಿಯ ಅಥವಾ ಬ್ಯಾಂಕಿನ ಬೆಳೆಸಾಲ. ಅದು ಬಾಕಿ ಬಿದ್ದರೆ ಮರುವರ್ಷ ಹೊಸ ಸಾಲ ಹುಟ್ಟುವುದಿಲ್ಲ. ಆಗ ಬೀಜ ಗೊಬ್ಬರದ ಅಂಗಡಿಯಲ್ಲಿ ಉದ್ರಿ. ಫಸಲು ಬಂದಾಗ ಆ ಅಂಗಡಿಯವನು ಹೇಳಿದ ಕಡೆಗೇ ಮಾಲು ಹೋಗುವುದುಂಟು. ಅದೂ ಮುಗಿದ ಮೇಲೆ ಕೈಗಡ, ಸಾವಕಾರ. ಅವನ ಬಡ್ಡಿ ತಿಂಗಳ ಲೆಕ್ಕದ್ದು. ತಿಂಗಳಿಗೆ ನೂರಕ್ಕೆ 5 ರೂಪಾಯಿ ಎಂದರೆ ವರ್ಷಕ್ಕೆ 60. ‘ಸಾಲದ ಶೂಲ’ ಎಂದು ಬರೆಯುವವನಿಗೆ ಈ ಮೆಟ್ಟಿಲುಗಳಲ್ಲಿ ತನ್ನ ರೈತ ಎಲ್ಲಿ ನಿಂತಿದ್ದಾನೆ ಎಂಬುದು ಗೊತ್ತಿರುವುದಿಲ್ಲ. ಮೊದಲ ಮೆಟ್ಟಿಲಿನವನ ಚಿಂತೆ ಬೇರೆ, ಕೊನೆಯ ಮೆಟ್ಟಿಲಿನವನ ನಾಚಿಕೆ ಬೇರೆ. ಸೊಸೈಟಿಗೆ ಬಾಕಿ ಇದ್ದವನು ಸಂತೆಗೆ ಹೋಗುತ್ತಾನೆ. ಪಕ್ಕದ ಮನೆಯವರಿಂದ ಕೈಗಡ ತಂದವನು ಸಂತೆಯ ದಾರಿ ಬದಲಿಸುತ್ತಾನೆ.

ಇದನ್ನು ಸಾಲುಗಳಲ್ಲೇ ತೋರಿಸುತ್ತೇನೆ. ಕಲಿಯುವುದಕ್ಕೆಂದು ನಾನೇ ಕಟ್ಟಿದ ಸಾಲುಗಳು ಇವು. ಮೊದಲನೆಯದು, ಕವಿಗೋಷ್ಠಿಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಬಗೆ:

ಬಾಯ್ಬಿಟ್ಟ ಭೂತಾಯಿ ನೆತ್ತರ ಕುಡಿದಳು
ಸಾಲದ ಹೆಬ್ಬಾವು ಕೊರಳನು ಸುತ್ತಿತು
ನಾಡಿಗೆ ಉಣಿಸಿದ ಅನ್ನದಾತನೆ
ಅನಾಥ ಹೆಣವಾಗಿ ಮಲಗಿದ

ಇದರಲ್ಲಿ ಊರಿಲ್ಲ, ಬೆಳೆ ಇಲ್ಲ, ತಿಂಗಳಿಲ್ಲ. ಹಾವು ಕೊರಳು ಸುತ್ತಿತು ಎಂದರೆ ಸಾಲ ಕೊಟ್ಟವನು ಕಾಣೆಯಾದ, ಸಾಲ ಪ್ರಕೃತಿಯ ಪ್ರಾಣಿಯಾಯಿತು. ನೆಲ ನೆತ್ತರು ಕುಡಿಯಿತು ಎಂದರೆ ತಪ್ಪು ನೆಲದ್ದೇ ಆಯಿತು. ಗಟ್ಟಿಯಾಗಿ ಕೂಗಿದ ಈ ನಾಲ್ಕು ಸಾಲು ಯಾರನ್ನೂ ಹೊಣೆ ಮಾಡಲಿಲ್ಲ ಎಂಬುದನ್ನು ಗಮನಿಸಿ. ಈಗ ಇದನ್ನು ಓದಿ:

ಎರಡನೇ ಸಲ ತಂದ ಚೀಲದಲ್ಲಿ
ಅರ್ಧ ಬೀಜ ಹಾಗೇ ಇದೆ.
ಅಂಗಡಿಯವರು ವಾಪಸು ತಗೋತಾರಾ
ಕೇಳಿ ಬಾ, ಅಂದಳು ಮಗನಿಗೆ.

ಮಳೆ ಕೈಕೊಟ್ಟದ್ದು ‘ಎರಡನೇ ಸಲ’ದಲ್ಲಿದೆ. ಬಿತ್ತನೆ ನಡುವೆಯೇ ನಿಂತದ್ದು ‘ಅರ್ಧ’ದಲ್ಲಿದೆ. ಉದ್ರಿ ‘ವಾಪಸು’ ಎಂಬ ಮಾತಿನಲ್ಲಿದೆ. ಚೀಲ ತಂದವನು ಎಲ್ಲಿ ಎಂದು ಕವಿತೆ ಹೇಳುವುದಿಲ್ಲ. ತಾಯಿ ಮಗನನ್ನು ಕಳಿಸುತ್ತಿದ್ದಾಳೆ, ಅಷ್ಟರಿಂದ ನಮಗೆ ಗೊತ್ತಾಗುತ್ತದೆ. ಅವಳಿಗೆ ಅಳುವ ಹಕ್ಕಿದೆ, ಆದರೆ ಈ ಹೊತ್ತಿಗೆ ಅವಳ ತಲೆಯಲ್ಲಿರುವುದು ಅಂಗಡಿಯ ಬಾಕಿ. ಅದನ್ನು ಹಾಗೆಯೇ ಬಿಡುವುದು ಅವಳಿಗೆ ಕವಿ ತೋರುವ ಮರ್ಯಾದೆ. ಇಲ್ಲಿ ಐದನೆಯ ಸಾಲು ಬರೆಯುವ ಆಸೆ ನಿಮಗೆ ಬಂದೇ ಬರುತ್ತದೆ, ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸೋಣ ಅನ್ನಿಸುತ್ತದೆ. ಬರೆಯಬೇಡಿ. ಓದುಗ ತಾನೇ ಕಂಡುಕೊಂಡದ್ದನ್ನು ನೀವು ಮತ್ತೆ ಹೇಳಿದರೆ ಅವನ ಕೈಯಿಂದ ಕಸಿದುಕೊಂಡ ಹಾಗೆ.

ಇನ್ನು ನೆಲದ ಮಾತು. ಇಲ್ಲಿ ಮುಂಬಯಿಯವರು ಮುಖ್ಯವಾಗಿ ಎಡವುತ್ತಾರೆ, ಅದಕ್ಕೆ ಒಂದು ನಿಜವಾದ ಉದಾಹರಣೆ ಕಣ್ಣೆದುರಿಗೇ ಇದೆ. 2018ರ ಮಾರ್ಚ್ 6ರಂದು ಕಿಸಾನ್ ಸಭಾದ ನೇತೃತ್ವದಲ್ಲಿ ನಾಸಿಕದಿಂದ ಹೊರಟ ರೈತರು ಸುಮಾರು 180 ಕಿಲೋಮೀಟರ್ ನಡೆದು ನಮ್ಮ ಊರಿಗೆ ಬಂದರು. 11ರ ಸಂಜೆ ಸಾಯನ್‌ ಬಳಿಯ ಸೋಮಯ್ಯ ಮೈದಾನದಲ್ಲಿ ತಂಗಿದರು. ಮರುದಿನ ಹತ್ತನೆಯ ತರಗತಿಯ ಪರೀಕ್ಷೆ ಇತ್ತು. ಮಕ್ಕಳಿಗೆ ತೊಂದರೆಯಾಗಬಾರದೆಂದು ರಾತ್ರಿಯೇ ಎದ್ದು ನಡೆದು ಬೆಳಗಾಗುವ ಹೊತ್ತಿಗೆ ಆಜಾದ್ ಮೈದಾನ ಸೇರಿದರು. ಮುಂಬಯಿಕರರು ನೀರು, ಬಿಸ್ಕತ್ತು, ಚಪ್ಪಲಿ ಕೊಟ್ಟರು. ಸುಲಿದ ಅಂಗಾಲಿನ ಫೋಟೋಗಳು ಎಲ್ಲರ ಫೋನಿಗೂ ಬಂದವು.

ಆ ಅಂಗಾಲು ಒಡನೆಯೇ ಕವಿತೆಗೂ ಬಂತು. ಒಡೆದ ಪಾದ, ಒಡೆದ ನೆಲ ಎಂದು ಪ್ರಾಸ ಕೂಡಿಸುವುದು ಸುಲಭ. ಆದರೆ ಅವರು ಕೇಳಲು ಬಂದದ್ದೇನು? ನಡೆದವರಲ್ಲಿ ಬಹುಪಾಲು ನಾಸಿಕ, ಪಾಲ್ಘರ್, ಠಾಣೆ ಕಡೆಯ ಆದಿವಾಸಿಗಳು. ತಲೆಮಾರುಗಳಿಂದ ಉತ್ತು ತಿನ್ನುವ ಕಾಡಂಚಿನ ನೆಲ ಅವರ ಹೆಸರಿನಲ್ಲಿರಲಿಲ್ಲ. 2006ರ ವನಹಕ್ಕು ಕಾಯಿದೆಯಡಿ ಅರ್ಜಿ ಹಾಕಿ ಕಾದಿದ್ದರು. ಕೆಲವರ ಅರ್ಜಿ ತಿರಸ್ಕಾರವಾಗಿತ್ತು. ಕೆಲವರಿಗೆ ಹಕ್ಕುಪತ್ರ ಸಿಕ್ಕಿದರೂ ಉಳುವುದು ಎಕರೆಗಳಲ್ಲಿ, ಕಾಗದದಲ್ಲಿರುವುದು ಗುಂಟೆಗಳಲ್ಲಿ. ಎಕರೆಗೆ 40 ಗುಂಟೆ ಎಂಬ ಲೆಕ್ಕ ತಿಳಿದವರಿಗೆ ಆ ಅಂತರದ ನೋವು ಗೊತ್ತಾಗುತ್ತದೆ. ಹೆಸರಿಲ್ಲದ ನೆಲಕ್ಕೆ ಬೆಳೆಸಾಲ ಹುಟ್ಟುವುದೂ ಕಷ್ಟ. ನೆಲ ಬಿರುಕು ಬಿಟ್ಟಿದೆ ಎಂದು ಅವರು ನಡೆದು ಬರಲಿಲ್ಲ. ನೆಲ ನಮ್ಮದೆಂದು ಬರೆದುಕೊಡಿ ಎಂದು ಬಂದರು. ಪಾದವನ್ನು ಮಾತ್ರ ಕಂಡ ಕವಿತೆ ಅವರ ಅರ್ಜಿಯನ್ನು ಓದಲಿಲ್ಲ.

ಆದ್ದರಿಂದ ಮಹಾರಾಷ್ಟ್ರದಲ್ಲಿ ‘ಸಾತ್‌ಬಾರಾ’, ನಮ್ಮ ಕಡೆ ಉತಾರ, ಪಹಣಿ ಎನ್ನುವ ಕಾಗದವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ಓದಿ. ಯಾರ ಹೆಸರಿದೆ, ಎಷ್ಟು ನೆಲ, ಯಾವ ಬೆಳೆ, ಯಾವ ಸಂಸ್ಥೆಯ ಸಾಲದ ಬೋಜ, ಎಲ್ಲವೂ ಅದರಲ್ಲಿರುತ್ತದೆ. ಮಹಾರಾಷ್ಟ್ರದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವ ಮೊದಲು ಸಮಿತಿಯೊಂದು ಕೂತು ಆ ಸಾವನ್ನು ‘ಪಾತ್ರ’ ಅಥವಾ ‘ಅಪಾತ್ರ’ ಎಂದು ವಿಂಗಡಿಸುತ್ತದೆ. ಜಮೀನು ಯಾರ ಹೆಸರಿನಲ್ಲಿದೆ, ಸಾಲ ಎಲ್ಲಿಯದು ಎಂದು ನೋಡುತ್ತದೆ. ಹೊಲದಲ್ಲಿ ಜೀವಮಾನವಿಡೀ ದುಡಿದ ಹೆಂಗಸಿನ ಹೆಸರು ಆ ಕಾಗದದಲ್ಲಿ ಇಲ್ಲದಿದ್ದರೆ ಅವಳು ರೈತಳೆಂದು ಲೆಕ್ಕಕ್ಕೆ ಬರುವುದೇ ಕಷ್ಟ. ಇಂಥ ಸಂಗತಿಯನ್ನು ಇದ್ದಂತೆ ಇಟ್ಟರೆ ಸಾಕು, ವಿಶೇಷಣದ ಹಂಗಿಲ್ಲ.

ಕುವೆಂಪು ಅವರ ‘ನೇಗಿಲಯೋಗಿ’ ರೈತನನ್ನು ಎತ್ತರದಲ್ಲಿ ಕೂರಿಸಿತು. ಲೋಕ ತುಚ್ಛವಾಗಿ ಕಂಡವನನ್ನು ಯೋಗಿ ಎಂದು ಕರೆದದ್ದು ಆ ಕಾಲದ ದಿಟ್ಟತನ. ಇಂದು ಅದೇ ಬೆಳಕನ್ನು ಬಾಕಿದಾರನ ಮುಖಕ್ಕೆ ಹಿಡಿದರೆ ಅವನ ಲೆಕ್ಕ ಕಾಣುವುದಿಲ್ಲ. ಬಲ್ಲವರ ಬರಹ ನೋಡಿ. ಜಳಗಾಂವ್‌ ಕಡೆಯ ಬಹಿಣಾಬಾಯಿ ಚೌಧರಿ ಓದುಬರಹ ಅರಿಯದ ಬೇಸಾಯಗಾರ್ತಿ. ಅವರು ಹಾಡಿಕೊಂಡ ಪದಗಳು 1952ರಲ್ಲಿ, ಅವರು ತೀರಿಕೊಂಡ ಮರುವರ್ಷ ಪುಸ್ತಕವಾದವು. ಅಜಂತದ ಬಳಿಯ ಪಳಸಖೇಡದ ನಾ. ಧೋ. ಮಹಾನೋರ್ ಕೊನೆಯವರೆಗೂ ಬೇಸಾಯಗಾರರು. ಅವರ ‘ರಾನಾತಲ್ಯಾ ಕವಿತಾ’ 1967ರದು. ನಮ್ಮವರೇ ಆದ ದಿನಕರ ದೇಸಾಯಿ ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದರು, ಉತ್ತರ ಕನ್ನಡದ ಗೇಣಿದಾರರನ್ನು ಸಂಘಟಿಸಿ ಗಡೀಪಾರಾದರು. ಗೇಣಿಯ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಚೌಪದಿಯ ನಾಲ್ಕೇ ಸಾಲು ಅವರಿಗೆ ಸಾಕಾದದ್ದರ ಹಿಂದೆ ಆ ಅರಿವಿದೆ.

ಒಂದು ಎಚ್ಚರಿಕೆಯೂ ಇದೆ. ಸಂಯಮದ ಹೆಸರಿನಲ್ಲಿ ಹೆದರಿಕೆಯೂ ಒಳಗೆ ಬರಬಹುದು. ಸಾವಕಾರನ ಹೆಸರು, ಬ್ಯಾಂಕಿನ ನೋಟೀಸು, ಬಾರದ ಬೆಳೆವಿಮೆ ಎಲ್ಲವನ್ನೂ ಬಿಟ್ಟು ಮಂಜು, ಮೌನ, ಹಕ್ಕಿಯ ಗರಿ ಎಂದು ಬರೆದದ್ದು ಸಂಯಮವಲ್ಲ, ತಪ್ಪಿಸಿಕೊಳ್ಳುವುದು. ಗುರುತಿಸುವುದು ಹೀಗೆ: ಸಂಯಮದ ಕವಿತೆಯಲ್ಲಿ ಭಾವ ಕಡಿಮೆಯಾದಷ್ಟೂ ಸಂಗತಿ ಹೆಚ್ಚುತ್ತದೆ, ತಪ್ಪಿಸಿಕೊಳ್ಳುವ ಕವಿತೆಯಲ್ಲಿ ಎರಡೂ ಕಡಿಮೆ. ಹಾಗೆಯೇ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತ ಹಾಡುವ ಪದವನ್ನು ಈ ಅಳತೆಯಿಂದ ಅಳೆಯಬೇಡಿ. ಅದು ಸಾವಿರ ಕಾಲುಗಳನ್ನು ಮುಂದಕ್ಕೆ ಒಯ್ಯಬೇಕು, ಅದಕ್ಕೆ ದನಿ ಬೇಕೇ ಬೇಕು.

ಕೊನೆಗೆ ನಮ್ಮದೇ ನಲ್ಲಿಯ ಮಾತು. ಮುಂಬಯಿಗೆ ನೀರು ಬರುವ ಭಾತ್ಸಾ, ತಾನಸಾ ಜಲಾಶಯಗಳು ಇರುವುದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಹಳ್ಳಿ, ಪಾಡಾಗಳು ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. ಬರದ ಕವಿತೆಗೆ ನಾವು ಹೊರಗಿನ ಓದುಗರಲ್ಲ, ಅದರೊಳಗೇ ಇದ್ದೇವೆ. ಮುಂದಿನ ಕವಿಗೋಷ್ಠಿಗೆ ರೈತನ ಮೇಲೆ ಬರೆಯಲು ಕೂರುವ ಮೊದಲು ಕಲ್ಯಾಣದಿಂದ ಆಚೆ ಕಸಾರಾ ಲೋಕಲ್‌ನಲ್ಲಿ ಆಸನಗಾಂವ್‌ವರೆಗೆ ಹೋಗಿ ಬನ್ನಿ. ಬಿತ್ತಿದ್ದೇನು, ಬೀಜ ಎಲ್ಲಿ ತಂದಿರಿ, ಹೊಲ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಕೇಳಿ ತಿಳಿದಷ್ಟನ್ನೇ ಬರೆಯಿರಿ, ಅಲ್ಲಿಗೆ ನಿಲ್ಲಿಸಿ.