ಹೆಬ್ಬಾಳದ ಡೆಲಿವರಿ: ಒಂದೇ ಸುತ್ತು ಬರಲಿ

ಹೆಬ್ಬಾಳದ ಅಂಗಡಿಯವರೊಬ್ಬರ ಲೆಕ್ಕದಲ್ಲಿ ಗಾಡಿಯ ದಾರಿ ಎರಡು ತುಂಡಾಗಿದೆ: ಹೆಬ್ಬಾಳ–ಆರ್.ಟಿ. ನಗರ–ಗಂಗಾನಗರ ಒಂದು ಸುತ್ತು, ಯಲಹಂಕ–ಜಕ್ಕೂರು–ಸಹಕಾರನಗರ ಇನ್ನೊಂದು. ಪ್ರತಿ ಜಾಗಕ್ಕೂ ಒಮ್ಮೆ ಬಂದು ಒಮ್ಮೆ ಹೊರಡಬೇಕೆಂಬ ನಿಯಮವನ್ನು ಎರಡೂ ಪಾಲಿಸಿವೆ. ಆದರೆ ಎರಡನೆಯದು ಅಂಗಡಿಯನ್ನು ಮುಟ್ಟುವುದೇ ಇಲ್ಲ.

ಪರಿಹಾರವನ್ನು 1954ರಲ್ಲಿ ಡಾಂಟ್ಜಿಗ್, ಫುಲ್ಕರ್ಸನ್, ಜಾನ್ಸನ್ ತೋರಿಸಿದರು. i ಇಂದ j ಗೆ ಗಾಡಿ ಹೋದರೆ xᵢⱼ = 1, ಇಲ್ಲವಾದರೆ 0. ತುಂಡಾದ ಮೂರು ಜಾಗಗಳ ಗುಂಪು S ಆದರೆ, ಈ ನಿರ್ಬಂಧ ಸೇರಿಸಬೇಕು:

Σ xᵢⱼ ≤ |S| − 1 = 2 (i, j ∈ S, i ≠ j)

ಮೂರು ಜಾಗಗಳ ಸುತ್ತಿಗೆ ಮೂರು ಕೊಂಡಿ ಬೇಕು. ಎರಡಕ್ಕೇ ಮಿತಿ ಹಾಕಿದರೆ ಆ ಸುತ್ತು ಮುಚ್ಚದು.

ಮತ್ತೆ ಬಿಡಿಸಿದಾಗ ಜಕ್ಕೂರು–ಯಲಹಂಕ ಜೋಡಿಯೇ ಸುತ್ತಾದರೆ, ಅದಕ್ಕೂ ≤ 1 ಬರೆಯಬೇಕು. ಎಲ್ಲ ಗುಂಪುಗಳನ್ನೂ ಮೊದಲೇ ಬರೆಯಬೇಕಿಲ್ಲ. ಕಂಡದ್ದನ್ನು ಮಾತ್ರ ಸೇರಿಸಿ, ಒಂದೇ ಸುತ್ತು ಬಂದಾಗ ನಿಲ್ಲಿಸಿ. ಹೆಬ್ಬಾಳ ಮೇಲ್ಸೇತುವೆಯ ಬಳಿ ಹೋಗುವ, ಬರುವ ಸಮಯ ಬೇರೆಯಾಗುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಅಳೆದು ಲೆಕ್ಕಕ್ಕೆ ಹಾಕಿ.